ಹೊಸ ಬ್ಲಾಗಿಗೆ ಲಾಂಗ್‌ಟೇಲ್ ಕೀವರ್ಡ್: ಉಚಿತ ಸಾಧನಗಳಲ್ಲೇ ಹುಡುಕುವ ಕ್ರಮ, ಪತ್ರೊಡೆಯ ಉದಾಹರಣೆಯೊಂದಿಗೆ

ಉಡುಪಿಯಲ್ಲಿ ಕೂತು ಕರಾವಳಿ ಅಡುಗೆಯ ಬಗ್ಗೆ ಹೊಸದಾಗಿ ಬ್ಲಾಗ್ ತೆರೆದವರೊಬ್ಬರು ತಮ್ಮ ಮೊದಲ ಲೇಖನಕ್ಕೆ ‘ಪತ್ರೊಡೆ ರೆಸಿಪಿ’ ಎಂದು ತಲೆಬರಹ ಕೊಟ್ಟರು ಎಂದಿಟ್ಟುಕೊಳ್ಳಿ. ಲೇಖನ ಎಷ್ಟೇ ಚೆನ್ನಾಗಿದ್ದರೂ ಅದು ಓದುಗರ ಕಣ್ಣಿಗೆ ಬೀಳುವುದು ಕಷ್ಟ. ಆ ಎರಡು ಪದಗಳಿಗೆ ಗೂಗಲ್‌ನ ಮೊದಲ ಪುಟದಲ್ಲಿ ಹಳೆಯ ಅಡುಗೆ ತಾಣಗಳೂ ಹೆಸರು ಮಾಡಿದ ಯೂಟ್ಯೂಬ್ ಚಾನೆಲ್‌ಗಳೂ ಮೊದಲೇ ಜಾಗ ಹಿಡಿದಿರುತ್ತವೆ. ಅವುಗಳಿಗೆ ಬೇರೆ ತಾಣಗಳಿಂದ ಬಂದ ನೂರಾರು ಕೊಂಡಿಗಳ ಬೆಂಬಲವಿದೆ, ನಿನ್ನೆ ಮೊನ್ನೆ ಶುರುವಾದ ಬ್ಲಾಗಿಗೆ ಒಂದೂ ಇಲ್ಲ.

ಅದೇ ಬ್ಲಾಗಿನವರು ‘ಪತ್ರೊಡೆ ತಿಂದರೆ ಗಂಟಲು ತುರಿಸುವುದು ಯಾಕೆ’ ಎಂಬ ಪ್ರಶ್ನೆಗೆ ಒಂದು ಲೇಖನ ಬರೆದರೆ ಲೆಕ್ಕ ಬೇರೆಯಾಗುತ್ತದೆ. ಹುಡುಕುವವರು ಕಡಿಮೆ, ಆದರೆ ಆ ಪ್ರಶ್ನೆಗೆಂದೇ ಬರೆದ ಪುಟಗಳೂ ಕಡಿಮೆ. ಲಾಂಗ್‌ಟೇಲ್ ಕೀವರ್ಡ್ ಎಂದರೆ ಇದೇ. ಇಲ್ಲಿ ‘ಲಾಂಗ್’ ಎಂಬುದು ಪದಗಳ ಸಂಖ್ಯೆಗೆ ಸಂಬಂಧಿಸಿದ್ದಲ್ಲ. ಹುಡುಕಾಟಗಳನ್ನೆಲ್ಲ ಹೆಚ್ಚು ಬಾರಿ ಕೇಳಿದ್ದರಿಂದ ಕಡಿಮೆ ಬಾರಿ ಕೇಳಿದ್ದರವರೆಗೆ ಸಾಲಾಗಿ ಇಟ್ಟು ಗೆರೆ ಎಳೆದರೆ ತಲೆ ಎತ್ತರವಾಗಿ, ಬಾಲ ಬಹಳ ಉದ್ದವಾಗಿ ಸಾಗುತ್ತದೆ. ಆ ಬಾಲದಲ್ಲಿರುವ ಪ್ರತಿಯೊಂದು ಹುಡುಕಾಟವೂ ಲಾಂಗ್‌ಟೇಲೇ, ಅದು ಎರಡೇ ಪದದ್ದಾದರೂ ಸರಿ. ಐದಾರು ಪದಗಳಿದ್ದೂ ಲಕ್ಷಾಂತರ ಜನ ಕೇಳುವ ಪ್ರಶ್ನೆಗಳಿವೆ, ಅವು ಹೊಸಬರಿಗೆ ಸಲ್ಲುವುದಿಲ್ಲ. ದಿನವೂ ಬರುವ ಹುಡುಕಾಟಗಳಲ್ಲಿ ಸುಮಾರು 15% ಹಿಂದೆಂದೂ ಕಂಡಿರದ ಹೊಸ ಹುಡುಕಾಟಗಳು ಎಂದು ಗೂಗಲ್ ಹಲವು ಸಲ ಹೇಳಿದೆ. ಬಾಲ ಎಷ್ಟು ಉದ್ದವಿದೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಈ ಬರಹದಲ್ಲಿ ಪತ್ರೊಡೆಯನ್ನೇ ಉದಾಹರಣೆಯಾಗಿ ಹಿಡಿದು ಆರಂಭದಿಂದ ಕೊನೆಯವರೆಗೆ ಹೋಗೋಣ. ಇಲ್ಲಿ ಕೊಟ್ಟಿರುವ ಹುಡುಕಾಟದ ಸಾಲುಗಳು ಮಾದರಿಗೆ ಮಾತ್ರ. ಗೂಗಲ್‌ನ ಸಲಹೆಗಳು ಕಾಲಕ್ಕೂ ಊರಿಗೂ ತಕ್ಕಂತೆ ಬದಲಾಗುತ್ತವೆ, ಆದ್ದರಿಂದ ನಿಮ್ಮ ಪರದೆಯಲ್ಲಿ ಬಂದುದನ್ನೇ ನಂಬಿ.

ಮೊದಲು ಬೀಜಪದಗಳು

ಒಂದು ಗೂಗಲ್ ಶೀಟ್ ತೆರೆದು ವಿಷಯಕ್ಕೆ ಜನ ಬಳಸುವ ಹೆಸರುಗಳನ್ನೆಲ್ಲ ಬರೆದುಕೊಳ್ಳಿ, ಅವೇ ಬೀಜಪದಗಳು. ನಮ್ಮ ಕರಾವಳಿಯಲ್ಲಿ ಈ ಹಂತಕ್ಕೆ ತುಸು ಹೆಚ್ಚು ಸಮಯ ಬೇಕು, ಏಕೆಂದರೆ ಒಂದೇ ಪದಾರ್ಥವನ್ನು ಕನ್ನಡ, ತುಳು, ಕೊಂಕಣಿ ಮಾತಾಡುವವರು ಮೂರು ಬಗೆಯಲ್ಲಿ ಕರೆಯುತ್ತಾರೆ. ಬರೆಯುವಾಗ ಆ ಮೂರು ಹತ್ತಾಗುತ್ತವೆ. ಪತ್ರೊಡೆ, ಪತ್ರೋಡೆ, ಪತ್ರಡೆ ಎಂದು ಕನ್ನಡ ಲಿಪಿಯಲ್ಲೂ, `patrode`, `pathrode`, `pathrade`, `patrado` ಎಂದು ಇಂಗ್ಲಿಷ್ ಅಕ್ಷರದಲ್ಲೂ ಟೈಪ್ ಮಾಡುವವರಿದ್ದಾರೆ. ಅದರ ಎಲೆಗೂ ಹಾಗೆಯೇ: ಕೆಸುವಿನ ಎಲೆ, ಕೆಸು, ಮರಕೆಸು, ತುಳುವಿನ ತೇವು, `kesuvina ele`, `colocasia leaves`.

ಊರಿನ ಹೆಸರು ಸೇರುವ ವಿಷಯವಾದರೆ ಅದನ್ನೂ ಹೀಗೆಯೇ ಬಿಡಿಸಿ. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಅಧಿಕೃತ ಹೆಸರು `mangaluru` ಎಂದಾದರೂ ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವಾಗ `mangalore` ಎಂದೇ ಬರೆಯುವವರು ಇನ್ನೂ ಇದ್ದಾರೆ. ಒಂದು ವಿಷಯಕ್ಕೆ ಎಂಟರಿಂದ ಹನ್ನೆರಡು ಬೀಜಪದಗಳಿದ್ದರೆ ಸಾಕು.

ಸಲಹೆಪೆಟ್ಟಿಗೆಯಿಂದ ಸಾಲು ತೆಗೆಯುವುದು

ಹೊಸ ಬ್ಲಾಗಿಗೆ ಅತಿ ಹೆಚ್ಚು ಕೀವರ್ಡ್ ಕೊಡುವುದು ಗೂಗಲ್‌ನ ಹುಡುಕಾಟ ಪೆಟ್ಟಿಗೆಯೇ. ನೀವು ಟೈಪ್ ಮಾಡುತ್ತಿದ್ದಂತೆ ಕೆಳಗೆ ಇಳಿದು ಬರುವ ಸಲಹೆಗಳ ಹಿಂದೆ ಬೇರೆ ಜನ ನಿಜವಾಗಿ ಹುಡುಕಿದ ಮಾತುಗಳಿರುತ್ತವೆ. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೋ ಕಿಟಕಿ ತೆರೆದು, ಯಾವ ಖಾತೆಗೂ ಲಾಗಿನ್ ಆಗದೆ ಕೆಲಸ ಶುರು ಮಾಡಿ. ಇಲ್ಲದಿದ್ದರೆ ನಿಮ್ಮದೇ ಹಳೆಯ ಹುಡುಕಾಟಗಳು ಸಲಹೆಯೊಳಗೆ ನುಸುಳುತ್ತವೆ. ಇನ್‌ಕಾಗ್ನಿಟೋ ನಿಮ್ಮ ಊರನ್ನು ಮರೆಮಾಡುವುದಿಲ್ಲ ಎಂಬುದೂ ನೆನಪಿರಲಿ. ಫಲಿತಾಂಶದ ಪುಟದ ತಳದಲ್ಲಿ ಗೂಗಲ್ ನಿಮ್ಮನ್ನು ಯಾವ ಊರಿನವರೆಂದು ತಿಳಿದಿದೆ ಎಂಬುದು ಬರೆದಿರುತ್ತದೆ, ಒಮ್ಮೆ ನೋಡಿಕೊಳ್ಳಿ.

ಇಂಗ್ಲಿಷ್‌ಗೆಂದು ಬರೆದ ಮಾರ್ಗದರ್ಶಿಗಳು ಕನ್ನಡದಲ್ಲಿ ಕೈಕೊಡುವುದು ಇಲ್ಲಿಯೇ. ಇಂಗ್ಲಿಷ್‌ನಲ್ಲಿ `how`, `why` ಮುಂತಾದ ಪ್ರಶ್ನಪದಗಳು ಸಾಲಿನ ಮೊದಲಿಗೆ ಬರುತ್ತವೆ, ಹಾಗಾಗಿ ಅವನ್ನು ಮುಂದಿಟ್ಟು ಸಲಹೆ ಕೇಳುವುದು ವಾಡಿಕೆ. ಕನ್ನಡದಲ್ಲಿ ನಾವು ‘ಹೇಗೆ ಪತ್ರೊಡೆ’ ಎನ್ನುವುದಿಲ್ಲ, ‘ಪತ್ರೊಡೆ ಮಾಡುವುದು ಹೇಗೆ’ ಎನ್ನುತ್ತೇವೆ. ಪ್ರಶ್ನಪದ ಕೊನೆಗೆ ಬರುವುದರಿಂದ ಅದನ್ನು ಮುಂದಿಟ್ಟರೆ ಪೆಟ್ಟಿಗೆ ಖಾಲಿಯಾಗಿಯೇ ಉಳಿಯಬಹುದು. ಕನ್ನಡದಲ್ಲಿ ಪ್ರಶ್ನೆಯನ್ನು ಹೊರಡಿಸುವುದು ವಿಭಕ್ತಿ ಪ್ರತ್ಯಯ. ಬೀಜಪದಕ್ಕೆ ಒಂದೊಂದೇ ಪ್ರತ್ಯಯ ಹಚ್ಚಿ, ಜಾಗ ಬಿಟ್ಟು ಕಾಯಿರಿ.

‘ಪತ್ರೊಡೆಗೆ’ ಎಂದು ಬರೆದರೆ ಅದರ ಮುಂದೆ ಬರಬಹುದಾದದ್ದು ಯಾವ ಅಕ್ಕಿ, ಎಷ್ಟು ಹುಳಿ, ಯಾವ ಎಲೆ ಎಂಬ ಸಾಮಗ್ರಿಯ ಪ್ರಶ್ನೆ. ‘ಪತ್ರೊಡೆಯಲ್ಲಿ’ ಎಂದರೆ ಒಳಗೇನಿದೆ ಎಂಬ ಪ್ರಶ್ನೆ, ‘ಪತ್ರೊಡೆ ತಿಂದರೆ’ ಎಂದರೆ ಪರಿಣಾಮದ್ದು. ‘ಕೆಸುವಿನ ಎಲೆಯ’, ‘ಕೆಸುವಿನ ಎಲೆಯಿಂದ’, ‘ಕೆಸುವಿನ ಎಲೆಗೆ’ ಎಂಬ ಮೂರೂ ಬೇರೆ ಬೇರೆ ಪಟ್ಟಿ ಕೊಡಬಲ್ಲವು. ಪ್ರತ್ಯಯ ಬದಲಾದಾಗ ಕೇಳುವವರ ಉದ್ದೇಶವೂ ಬದಲಾಗುತ್ತದೆ, ಅದಕ್ಕೇ ಇದು ಇಷ್ಟು ಚೆನ್ನಾಗಿ ಕೆಲಸ ಮಾಡುವುದು.

ಆಮೇಲೆ ಕರ್ಸರ್ ಅನ್ನು ಪದದ ಹಿಂದಕ್ಕೆ ತನ್ನಿ. ‘ಪತ್ರೊಡೆ’ ಎಂದು ಬರೆದು, ಅದರ ಮೊದಲು ಒಂದು ಜಾಗ ಬಿಟ್ಟು, ಅಲ್ಲಿ ಕರ್ಸರ್ ಇಟ್ಟು ‘ಬ’, ‘ಮ’ ಎಂದು ಒಂದೊಂದೇ ಅಕ್ಷರ ಹಾಕಿ. ಕನ್ನಡದಲ್ಲಿ ವಿಶೇಷಣ ನಾಮಪದಕ್ಕಿಂತ ಮೊದಲು ಬರುವುದರಿಂದ ಇಲ್ಲಿ ಬಗೆಗಳು ಸಿಗುತ್ತವೆ: ಬಸಳೆ ಪತ್ರೊಡೆ, ಮಂಗಳೂರು ಶೈಲಿಯ ಪತ್ರೊಡೆ, ಹೀಗೆ. ಪದದ ಹಿಂದೆ ತಡಕಿದರೆ ಬಗೆಗಳು, ಮುಂದೆ ತಡಕಿದರೆ ಸಮಸ್ಯೆಗಳು ಎಂದು ಇಟ್ಟುಕೊಂಡರೆ ಗೊಂದಲವಾಗದು.

ಕೊನೆಗೆ ಅಕ್ಷರಮಾಲೆಯ ಸುತ್ತು. ‘ಪತ್ರೊಡೆ ಅ’, ‘ಪತ್ರೊಡೆ ಕ’ ಎಂದು ಹೆಚ್ಚು ಬಳಕೆಯ ಇಪ್ಪತ್ತು ಅಕ್ಷರಗಳನ್ನೂ, `patrode a`ಯಿಂದ `patrode z`ವರೆಗೆ ಇಪ್ಪತ್ತಾರು ಅಕ್ಷರಗಳನ್ನೂ ನೋಡಿ. ಇಂಗ್ಲಿಷ್ ಅಕ್ಷರದ ಸುತ್ತನ್ನು ಬಿಡಬೇಡಿ. ಕನ್ನಡ ಓದುವವರಲ್ಲೇ ಬಹಳ ಮಂದಿ ಮೊಬೈಲ್‌ನಲ್ಲಿ `patrode maduvudu hege` ಎಂದು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ. ಇನ್ನು ಕೆಲವರು ಮೈಕ್ ಒತ್ತಿ ಕನ್ನಡದಲ್ಲಿ ಹೇಳುತ್ತಾರೆ, ಆಗ ಪೂರ್ತಿ ವಾಕ್ಯವೇ ಹುಡುಕಾಟವಾಗುತ್ತದೆ.

ಸಲಹೆಗಳನ್ನು ಕೈಯಿಂದ ನಕಲು ಮಾಡುವುದು ಬೇಸರವೆನಿಸಿದರೆ ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ ಇದನ್ನು ಹಾಕಿ ನೋಡಿ:

```
https://suggestqueries.google.com/complete/search?client=firefox&hl=kn&gl=in&q=ಪತ್ರೊಡೆಗೆ
```

ಇದರಲ್ಲಿ `hl` ಭಾಷೆಯನ್ನು, `gl` ದೇಶವನ್ನು ಹೇಳುತ್ತದೆ. ಉತ್ತರವಾಗಿ ಸಲಹೆಗಳಿರುವ ಚಿಕ್ಕ ಪಠ್ಯ ಬರುತ್ತದೆ. ಕೆಲವು ಬ್ರೌಸರ್‌ಗಳು ಅದನ್ನು ತೋರಿಸುವ ಬದಲು `f.txt` ಎಂಬ ಕಡತವಾಗಿ ಇಳಿಸಿಕೊಳ್ಳುತ್ತವೆ, ಅದನ್ನು ತೆರೆದರೆ ಸಲಹೆಗಳು ಅಲ್ಲಿರುತ್ತವೆ. ಇದು ಗೂಗಲ್ ಅಧಿಕೃತವಾಗಿ ಕೊಟ್ಟ ಸೇವೆಯಲ್ಲ. ನಿಮಿಷಕ್ಕೆ ನೂರಾರು ಸಲ ಕರೆದರೆ ತಡೆಯುತ್ತಾರೆ. ಕೈಯಿಂದ ಒಂದೊಂದೇ ಕೇಳುವಷ್ಟಕ್ಕೆ ಇಟ್ಟುಕೊಳ್ಳಿ.

ಹೀಗೆ ಸಿಕ್ಕ ಪ್ರತಿ ಸಾಲನ್ನೂ ಶೀಟಿನಲ್ಲಿ ಹಾಕುವಾಗ ಪಕ್ಕದಲ್ಲಿ ಅದು ಎಲ್ಲಿ ಸಿಕ್ಕಿತು, ಯಾವ ಲಿಪಿ ಎಂದು ಬರೆಯಿರಿ. ಕಾಗುಣಿತ ತಿದ್ದಬೇಡಿ. ಜನ ತಪ್ಪಾಗಿ ಬರೆದಿದ್ದರೂ ಅದು ಅವರ ಬಾಯಲ್ಲಿರುವ ಮಾತು, ಮುಂದೆ ಬೇಕಾಗುತ್ತದೆ.

ಪ್ರಶ್ನೆಗಳ ಪೆಟ್ಟಿಗೆ ಮತ್ತು ಯೂಟ್ಯೂಬ್

ಫಲಿತಾಂಶದ ಪುಟದ ನಡುವೆ ‘ಜನರು ಇದನ್ನೂ ಕೇಳುತ್ತಾರೆ’ ಎಂಬರ್ಥದ, ಇಂಗ್ಲಿಷ್‌ನಲ್ಲಿ `People also ask` ಎಂಬ ಪೆಟ್ಟಿಗೆ ಕಾಣಿಸಿಕೊಳ್ಳುತ್ತದೆ. ಒಂದು ಪ್ರಶ್ನೆಯನ್ನು ಒತ್ತಿ ಬಿಡಿಸಿದರೆ ಕೆಳಗೆ ಇನ್ನಷ್ಟು ಪ್ರಶ್ನೆಗಳು ಸೇರಿಕೊಳ್ಳುತ್ತವೆ, ಅವೂ ನೀವು ಒತ್ತಿದ ಪ್ರಶ್ನೆಯ ಜಾಡಿನಲ್ಲೇ ಇರುತ್ತವೆ. ಕನ್ನಡ ಹುಡುಕಾಟಕ್ಕೆ ಈ ಪೆಟ್ಟಿಗೆ ಎಷ್ಟೋ ಸಲ ಬರುವುದೇ ಇಲ್ಲ. ಆಗ ಅದೇ ವಿಷಯವನ್ನು ಇಂಗ್ಲಿಷ್‌ನಲ್ಲಿ ಹುಡುಕಿ, ಸಿಕ್ಕ ಪ್ರಶ್ನೆಯನ್ನು ನಮ್ಮ ಜನ ಹೇಗೆ ಕೇಳುತ್ತಾರೆಂದು ಯೋಚಿಸಿ, ಆ ಕನ್ನಡ ಸಾಲನ್ನು ಮತ್ತೆ ಸಲಹೆಪೆಟ್ಟಿಗೆಯಲ್ಲಿ ಹಾಕಿ ಪರೀಕ್ಷಿಸಿ. ಪರೀಕ್ಷೆಯಿಲ್ಲದೆ ಅನುವಾದಿಸಿದ ಪ್ರಶ್ನೆಯನ್ನು ಕೀವರ್ಡ್ ಎಂದು ನಂಬಿದರೆ ಯಾರೂ ಕೇಳದ ಪ್ರಶ್ನೆಗೆ ಉತ್ತರ ಬರೆದಂತಾಗುತ್ತದೆ.

ಯೂಟ್ಯೂಬ್‌ನಲ್ಲಿ ಪತ್ರೊಡೆಯ ವೀಡಿಯೊಗಳ ಕೆಳಗಿನ ಕಾಮೆಂಟ್‌ಗಳನ್ನೂ ಒಮ್ಮೆ ಓದಿ. ಅಲ್ಲಿ ಜನ ವೀಡಿಯೊದಲ್ಲಿ ಸಿಗದ ಉತ್ತರ ಕೇಳುತ್ತಾರೆ. ನಮ್ಮ ಕಡೆಯವರು ಮುಂಬೈಯಲ್ಲೂ ಗಲ್ಫಿನಲ್ಲೂ ಬಹಳ ಇದ್ದಾರೆ. ಅಲ್ಲಿ ಕೆಸುವಿನ ಎಲೆ ಸಿಗದಿದ್ದರೆ ಬದಲಿಗೆ ಏನು ಹಾಕಬಹುದು ಎಂಬ ಪ್ರಶ್ನೆ ಊರಲ್ಲೇ ಕೂತು ಬರೆಯುವವರಿಗೆ ಹೊಳೆಯುವುದೇ ಇಲ್ಲ.

ಅಂಕಿಗಳನ್ನು ಎಷ್ಟು ನಂಬಬೇಕು

ಗೂಗಲ್ ಆ್ಯಡ್ಸ್ ಖಾತೆಯೊಳಗಿನ ಕೀವರ್ಡ್ ಪ್ಲ್ಯಾನರ್ ತಿಂಗಳಿಗೆ ಎಷ್ಟು ಹುಡುಕಾಟ ಎಂದು ಹೇಳುತ್ತದೆ. ಜಾಹೀರಾತಿಗೆ ಹಣ ಹಾಕದವರಿಗೆ ಅದು ನಿಖರ ಸಂಖ್ಯೆ ಕೊಡುವ ಬದಲು 10–100, 100–1ಸಾವಿರ ಎಂಬಂಥ ಅಂತರಗಳನ್ನಷ್ಟೇ ಕೊಡುತ್ತದೆ. ಕನ್ನಡ ಲಿಪಿಯ ಉದ್ದ ಸಾಲುಗಳಿಗೆ ಗೆರೆ ಮಾತ್ರ ಕಾಣಿಸುವುದೂ ಉಂಟು. ಆ ಗೆರೆಗೆ ಹುಡುಕುವವರೇ ಇಲ್ಲ ಎಂಬ ಅರ್ಥವಿಲ್ಲ, ಜಾಹೀರಾತುದಾರರಿಗೆ ತೋರಿಸುವಷ್ಟು ದತ್ತಾಂಶ ಇಲ್ಲ ಎಂದಷ್ಟೇ. ಸಲಹೆಪೆಟ್ಟಿಗೆಯಲ್ಲಿ ಬಂದ ಸಾಲಿಗೆ ಪ್ಲ್ಯಾನರ್‌ನಲ್ಲಿ ಗೆರೆ ಬಂದರೆ ಸಲಹೆಪೆಟ್ಟಿಗೆಯನ್ನೇ ನಂಬಿ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಪ್ಲ್ಯಾನರ್‌ನಲ್ಲಿ `Competition` ಎಂಬ ಕಾಲಮ್ ಇದೆ. ಅದು `Low` ಎಂದು ತೋರಿಸಿದ ಕೂಡಲೇ ಆ ಪದಕ್ಕೆ ಮೊದಲ ಪುಟ ಹಿಡಿಯುವುದು ಸುಲಭ ಎಂದು ಹಿಗ್ಗುತ್ತಾರೆ. ಆ ಕಾಲಮ್ ಹೇಳುವುದು ಎಷ್ಟು ಜಾಹೀರಾತುದಾರರು ಆ ಪದಕ್ಕೆ ಪೈಪೋಟಿ ನಡೆಸುತ್ತಿದ್ದಾರೆ ಎಂಬುದನ್ನು ಮಾತ್ರ. ಪತ್ರೊಡೆಯ ಮೇಲೆ ಜಾಹೀರಾತು ಹಾಕುವವರು ಯಾರಿದ್ದಾರೆ? ಹಾಗಾಗಿ ಅಲ್ಲಿ `Low` ಬಂದರೆ ಅದರಿಂದ ನಮಗೆ ತಿಳಿಯುವುದು ಏನೂ ಇಲ್ಲ.

ಗೂಗಲ್ ಟ್ರೆಂಡ್ಸ್ ಅನ್ನು ಒಂದೇ ಕೆಲಸಕ್ಕೆ ಬಳಸಿ, ಅದು ಕಾಲ ತಿಳಿಯಲು. ಅದು ಕೊಡುವ 0–100ರ ಅಂಕ ಹುಡುಕಾಟಗಳ ಎಣಿಕೆಯಲ್ಲ. ಆ ಅವಧಿಯಲ್ಲಿ ಆಸಕ್ತಿ ಅತಿ ಹೆಚ್ಚಿದ್ದ ಹೊತ್ತನ್ನು 100 ಎಂದಿಟ್ಟು ಉಳಿದದ್ದನ್ನು ಅದಕ್ಕೆ ಹೋಲಿಸಿ ಹೇಳುವ ಅಂಕ. ಉದ್ದ ಸಾಲು ಹಾಕಿದರೆ ದತ್ತಾಂಶ ಸಾಲದು ಎನ್ನುತ್ತದೆ, ಆದ್ದರಿಂದ `patrode` ಎಂಬ ಬೀಜಪದವನ್ನೇ ಹಾಕಿ, ಜಾಗ ಕರ್ನಾಟಕ, ಅವಧಿ 5 ವರ್ಷ ಎಂದು ಆರಿಸಿ, ಗೆರೆ ಪ್ರತಿವರ್ಷ ಒಂದೇ ತಿಂಗಳಲ್ಲಿ ಏಳುತ್ತದೆಯೇ ನೋಡಿ. ಕೆಸು ಮಳೆಗಾಲದ ಎಲೆ. ನಮ್ಮಲ್ಲಿ ಪತ್ರೊಡೆ ಆಟಿಯ ತಿನಿಸು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನದು. ಹೊಸ ಬ್ಲಾಗಿನ ಪುಟ ಗೂಗಲ್‌ನಲ್ಲಿ ನೆಲೆ ನಿಲ್ಲಲು ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಆಟಿ ಶುರುವಾದ ಮೇಲೆ ಬರೆದ ಲೇಖನ ಮುಂದಿನ ಆಟಿಗೆ ಉಪಯೋಗಕ್ಕೆ ಬರುತ್ತದೆ. ಏಪ್ರಿಲ್ ಒಳಗೆ ಪ್ರಕಟಿಸಿದರೆ ಈ ವರ್ಷವೇ ಓದುಗರು ಬರುವ ಸಾಧ್ಯತೆ ಇದೆ.

ಒಂದು ಪದಕ್ಕೆ ಮೊದಲ ಪುಟ ಹಿಡಿಯುವುದು ಎಷ್ಟು ಕಷ್ಟ ಎಂದು ಬೇರೆ ಸಾಧನಗಳು ಉಚಿತವಾಗಿ ತೋರಿಸುವ ಕೀವರ್ಡ್ ಡಿಫಿಕಲ್ಟಿ ಅಂಕವೂ ಗೂಗಲ್ ಕೊಟ್ಟದ್ದಲ್ಲ. ಹೆಚ್ಚಾಗಿ ಮೊದಲ ಪುಟದಲ್ಲಿರುವ ಪುಟಗಳಿಗೆ ಬೇರೆ ತಾಣಗಳಿಂದ ಬಂದ ಕೊಂಡಿಗಳನ್ನು, ಅಂದರೆ ಬ್ಯಾಕ್‌ಲಿಂಕ್‌ಗಳನ್ನು ಲೆಕ್ಕಹಾಕಿ ಆಯಾ ಕಂಪನಿ ಕಟ್ಟಿದ ಅಂದಾಜು ಅದು. ಒಂದೇ ಪದಕ್ಕೆ ಎರಡು ಸಾಧನ ಎರಡು ಅಂಕ ಕೊಟ್ಟರೆ ಗಾಬರಿ ಬೇಡ. ಇಡೀ ತಾಣದ ಬಲವನ್ನು ಅಂದಾಜಿಸುವ ಡೊಮೇನ್ ಅಥಾರಿಟಿ ಅಂಕವೂ ಅಂಥದೇ, ಗೂಗಲ್‌ನ ಅಳತೆಗೋಲಲ್ಲ.

ಮೊದಲ ಪುಟವನ್ನು ಕಣ್ಣಾರೆ ಓದುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ್ದು ಇದಕ್ಕೆ. ಒಂದು ಕೀವರ್ಡಿಗೆ ಹತ್ತು ನಿಮಿಷ ಎಂದಿಟ್ಟುಕೊಳ್ಳಿ. ಶೀಟಿನಲ್ಲಿ ನೂರು ಸಾಲಿದ್ದರೆ ಅದರಲ್ಲಿ ನಿಮಗೆ ನಿಜಕ್ಕೂ ಉತ್ತರ ಗೊತ್ತಿರುವ ಇಪ್ಪತ್ತನ್ನು ಆರಿಸಿ, ಅವನ್ನಷ್ಟೇ ಒಂದೊಂದಾಗಿ ಹುಡುಕಿ ಮೊದಲ ಹತ್ತು ಫಲಿತಾಂಶಗಳನ್ನು ತೆರೆದು ಓದಿ.

‘ಪತ್ರೊಡೆ ಗಂಟಲು ತುರಿಕೆ’ ಎಂಬ ಸಾಲನ್ನು ಹಿಡಿಯೋಣ. ತೆರೆದ ಪುಟಗಳಲ್ಲಿ ಮೊದಲು ನೋಡಬೇಕಾದ್ದು ತಲೆಬರಹದಲ್ಲಿ ತುರಿಕೆ ಅಥವಾ ಕೆರೆತದ ಮಾತು ಇದೆಯೇ ಎಂದು. ಹತ್ತರಲ್ಲಿ ಎಂಟು ಪುಟಗಳ ತಲೆಬರಹ ಬರೀ ‘ಪತ್ರೊಡೆ ಮಾಡುವ ವಿಧಾನ’ ಎಂದಿದ್ದರೆ, ಆ ಪ್ರಶ್ನೆಗೆ ನೇರ ಉತ್ತರ ಸಿಗದೆ ಗೂಗಲ್ ಹತ್ತಿರದ್ದನ್ನು ತಂದು ಜೋಡಿಸಿದೆ ಎಂದರ್ಥ. ನಿಮಗೆ ಜಾಗವಿರುವುದು ಅಂಥಲ್ಲಿ.

ಎರಡನೆಯದು, ಉತ್ತರ ಎಷ್ಟು ಆಳವಿದೆ ಎಂಬುದು. ಹಲವು ರೆಸಿಪಿ ಪುಟಗಳಲ್ಲಿ ‘ಹುಳಿ ಹಾಕಿದರೆ ತುರಿಸುವುದಿಲ್ಲ’ ಎಂಬ ಒಂದೇ ವಾಕ್ಯ ಇರುತ್ತದೆ. ಓದುಗನ ಪ್ರಶ್ನೆ ಅಷ್ಟಕ್ಕೆ ತೀರುವುದಿಲ್ಲ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ, ಅವು ಚುಚ್ಚುವುದರಿಂದಲೇ ಬಾಯಿ ಗಂಟಲು ತುರಿಸುವುದು. ಯಾವ ಎಲೆ ಆರಿಸಬೇಕು, ದಪ್ಪ ನಾರನ್ನು ಎಷ್ಟು ಹೆರೆಯಬೇಕು, ಹುಣಸೆಹುಳಿ ಎಷ್ಟಿರಬೇಕು, ಹಬೆಯಲ್ಲಿ ಎಷ್ಟು ಹೊತ್ತು ಇಡಬೇಕು, ಈಗಾಗಲೇ ತಿಂದು ಗಂಟಲು ತುರಿಸುತ್ತಿದ್ದರೆ ಏನು ಮಾಡಬೇಕು ಎಂಬುದನ್ನೆಲ್ಲ ಒಂದೇ ಕಡೆ ಬಿಡಿಸಿ ಹೇಳಿದ ಪುಟ ಅಲ್ಲಿಲ್ಲದಿದ್ದರೆ ಅದನ್ನು ನೀವು ಬರೆಯಬಹುದು.

ಮೂರನೆಯದು, ಯಾರು ಕೂತಿದ್ದಾರೆ ಎಂಬುದು. ಚಿಕ್ಕ ವೈಯಕ್ತಿಕ ಬ್ಲಾಗ್, ಪ್ರಶ್ನೋತ್ತರ ತಾಣ, ಫೇಸ್‌ಬುಕ್ ಪೋಸ್ಟ್, ಬೇರೆ ಭಾಷೆಯ ಪುಟ ಇವುಗಳಲ್ಲಿ ಎರಡು ಮೂರಾದರೂ ಮೊದಲ ಹತ್ತರಲ್ಲಿದ್ದರೆ ಆ ಕೀವರ್ಡ್ ತೆಗೆದುಕೊಳ್ಳಿ. ಹತ್ತಕ್ಕೆ ಹತ್ತೂ ದೊಡ್ಡ ತಾಣಗಳಾಗಿದ್ದು, ಅವುಗಳ ತಲೆಬರಹವೂ ಅದೇ ಪ್ರಶ್ನೆಯಾಗಿದ್ದರೆ ಬಿಟ್ಟುಬಿಡಿ. ಹತ್ತೂ ವೀಡಿಯೊಗಳೇ ಆಗಿದ್ದರೂ ಯೋಚಿಸಿ. ಜನ ಅದನ್ನು ಓದಲು ಬಯಸುವುದಿಲ್ಲ, ನೋಡಲು ಬಯಸುತ್ತಾರೆ ಎಂಬ ಸೂಚನೆ ಅದು. ಎಲೆ ಸುತ್ತುವ ಕ್ರಮವನ್ನು ಮಾತಿನಲ್ಲಿ ಹೇಳುವುದು ಕಷ್ಟ, ಅಂಥದ್ದು ವೀಡಿಯೊಗೇ ಸೇರಿದ್ದು.

ಇದೇ ಕಣ್ಣಿನಿಂದ ‘ಕೆಸುವಿನ ಎಲೆ ಇಂಗ್ಲಿಷ್‌ನಲ್ಲಿ’ ಎಂಬ ಸಾಲನ್ನು ನೋಡಿ. ಸಲಹೆಯಲ್ಲಿ ಬಂದರೂ, ಪೈಪೋಟಿ ಕಡಿಮೆ ಕಂಡರೂ ಅದು ಬೇಡ. ಉತ್ತರ ಎರಡೇ ಪದ, ಅದನ್ನು ಗೂಗಲ್ ತಾನೇ ಪುಟದ ಮೇಲ್ಗಡೆ ತೋರಿಸಿಬಿಟ್ಟರೆ ಯಾರೂ ನಿಮ್ಮ ಬ್ಲಾಗಿನವರೆಗೆ ಬರುವುದಿಲ್ಲ. ಒಂದು ವಾಕ್ಯದಲ್ಲಿ ಮುಗಿಯುವ ಉತ್ತರಗಳನ್ನು ಲೇಖನದ ಒಳಗಿನ ಒಂದು ಸಾಲಾಗಿ ಇಟ್ಟುಕೊಳ್ಳಿ, ಲೇಖನವನ್ನಾಗಿ ಮಾಡಬೇಡಿ.

ಎಷ್ಟು ಪುಟಗಳ ತಲೆಬರಹದಲ್ಲಿ ಆ ಪದಗಳಿವೆ ಎಂದು ತಿಳಿಯಲು `allintitle:ಪತ್ರೊಡೆ ತುರಿಕೆ` ಎಂದು ಹುಡುಕಬಹುದು. ಕೆಲವರು ಅಲ್ಲಿ ಬರುವ ಒಟ್ಟು ಸಂಖ್ಯೆಯನ್ನು ಹುಡುಕಾಟದ ಸಂಖ್ಯೆಯಿಂದ ಭಾಗಿಸಿ ಅನುಪಾತ ತೆಗೆಯುತ್ತಾರೆ. ಎರಡೂ ಅಂದಾಜಿನ ಅಂಕಿಗಳಾದ್ದರಿಂದ ಆ ಭಾಗಾಕಾರಕ್ಕೆ ತೂಕವಿಲ್ಲ. ಬಂದ ಪುಟಗಳನ್ನು ಎಣಿಸುವುದಕ್ಕಿಂತ ತೆರೆದು ಓದುವುದು ಒಳ್ಳೆಯದು.

ಯಾವ ಸಾಲುಗಳು ಒಂದೇ ಲೇಖನ

ತುರಿಕೆ, ಕೆರೆತ, `patrode itching`, ‘ಕೆಸುವಿನ ಎಲೆ ತಿಂದರೆ ಗಂಟಲು ಕಡಿತ’ ಎಂಬ ನಾಲ್ಕಕ್ಕೆ ನಾಲ್ಕು ಲೇಖನ ಬೇಕೇ? ಎರಡು ಸಾಲುಗಳನ್ನು ಬೇರೆ ಬೇರೆ ಕಿಟಕಿಯಲ್ಲಿ ಹುಡುಕಿ, ಮೊದಲ ಹತ್ತು ಫಲಿತಾಂಶಗಳನ್ನು ಪಕ್ಕಪಕ್ಕ ಇಡಿ. ನಾಲ್ಕೈದು ಪುಟಗಳು ಎರಡರಲ್ಲೂ ಇದ್ದರೆ ಗೂಗಲ್ ಅವನ್ನು ಒಂದೇ ಪ್ರಶ್ನೆ ಎಂದು ತಿಳಿದಿದೆ, ಒಂದೇ ಲೇಖನ ಸಾಕು. ಒಂದೋ ಎರಡೋ ಮಾತ್ರ ಸಮನಾಗಿದ್ದರೆ ಬೇರೆ ಲೇಖನ ಬರೆಯಿರಿ. ಕಾಗುಣಿತದ ವ್ಯತ್ಯಾಸಕ್ಕೆಂದೇ ಬೇರೆ ಪುಟ ಮಾಡಿದರೆ ನಿಮ್ಮದೇ ಎರಡು ಪುಟಗಳು ಒಂದನ್ನೊಂದು ಕೆಳಗೆಳೆಯುತ್ತವೆ. ತಲೆಬರಹದಲ್ಲಿ ಹೆಚ್ಚು ಬಳಕೆಯ ರೂಪ ಇಟ್ಟು, ಒಳಗೆ ‘ಕೆಲವರು ಪತ್ರಡೆ ಎಂದೂ ಕರೆಯುವ’ ಎಂದು ಸಹಜವಾಗಿ ಒಂದು ಸಲ ಬಂದರೆ ಸಾಕು.

ಬರೆಯುವಾಗ ಕನ್ನಡಕ್ಕೇ ಮೀಸಲಾದ ಎರಡು ತೊಡಕುಗಳಿವೆ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ ಬ್ಲಾಗಿಗೆ ಅಂಟಿಸಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗುತ್ತದೆ. ಫಾಂಟ್ ಹಾಕಿ ಕನ್ನಡದಂತೆ ಕಾಣಿಸಿದರೂ ಗೂಗಲ್‌ಗೆ ಅದು ಕನ್ನಡವಲ್ಲ. ಯೂನಿಕೋಡ್‌ಗೆ ಪರಿವರ್ತಿಸಿಯೇ ಹಾಕಿ. ಮತ್ತೊಂದು ಪುಟದ ವಿಳಾಸದ್ದು. ವರ್ಡ್‌ಪ್ರೆಸ್‌ನಲ್ಲಿ ಕನ್ನಡ ತಲೆಬರಹವೇ ವಿಳಾಸವಾದರೆ ಪ್ರತಿ ಕನ್ನಡ ಚಿಹ್ನೆ `%E0%B2%AA` ಎಂಬಂತೆ ಒಂಬತ್ತು ಅಕ್ಷರಗಳಾಗಿ ಬದಲಾಗುತ್ತದೆ. ಅಲ್ಲಿರುವ ಜಾಗ 200 ಅಕ್ಷರ, ಆದ್ದರಿಂದ ಇಪ್ಪತ್ತೆರಡು ಚಿಹ್ನೆಗಳಿಗೆ ವಿಳಾಸ ಅರ್ಧಕ್ಕೆ ತುಂಡಾಗುತ್ತದೆ. ಒತ್ತು, ಕೊಂಬುಗಳೂ ಬೇರೆ ಚಿಹ್ನೆಗಳಾಗಿಯೇ ಎಣಿಕೆಯಾಗುವುದರಿಂದ ನಾಲ್ಕು ಪದ ಬರುವಷ್ಟರಲ್ಲಿ ಜಾಗ ಮುಗಿದಿರುತ್ತದೆ. `patrode-gantalu-turike` ಎಂದು ಇಂಗ್ಲಿಷ್ ಅಕ್ಷರದಲ್ಲಿ ನೀವೇ ಕೊಡಿ, ವಾಟ್ಸ್ಆ್ಯಪ್‌ನಲ್ಲಿ ಹಂಚುವಾಗಲೂ ಓದಲು ಬರುತ್ತದೆ.

ಪ್ರಕಟಿಸಿದ ಮೇಲೆ ಸರ್ಚ್ ಕನ್ಸೋಲ್

ಬ್ಲಾಗ್ ತೆರೆದ ದಿನವೇ ಅದನ್ನು ಗೂಗಲ್ ಸರ್ಚ್ ಕನ್ಸೋಲ್‌ಗೆ, ಅಂದರೆ ನಿಮ್ಮ ತಾಣ ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣಿಸುತ್ತಿದೆ ಎಂದು ತೋರಿಸುವ ಉಚಿತ ಸಾಧನಕ್ಕೆ ಸೇರಿಸಿ, ಏಕೆಂದರೆ ಸೇರಿಸುವ ಮೊದಲಿನ ಪೂರ್ತಿ ಲೆಕ್ಕ ಸಿಗುತ್ತದೆಂದು ನೆಚ್ಚುವಂತಿಲ್ಲ. ಏಳೆಂಟು ಲೇಖನ ಹಾಕಿ ಎರಡು ತಿಂಗಳಾದ ಮೇಲೆ `Performance` ವರದಿ ತೆರೆಯಿರಿ. `Average position` ಅನ್ನು ಆನ್ ಮಾಡಿ, ಕೆಳಗಿನ `Queries` ಪಟ್ಟಿಯನ್ನು ನೋಡಿ. ಜನ ನಿಜವಾಗಿ ಟೈಪ್ ಮಾಡಿ, ಫಲಿತಾಂಶದಲ್ಲಿ ನಿಮ್ಮ ಬ್ಲಾಗ್ ಕಂಡ ಸಾಲುಗಳು ಅವು. ಬೇರೆ ಯಾವ ಸಾಧನವೂ ಗೂಗಲ್ ಹುಡುಕಾಟದ ಇಂಥ ಪಟ್ಟಿಯನ್ನು ನಿಮ್ಮ ಬ್ಲಾಗಿಗೆಂದೇ ಕೊಡಲಾರದು.

ಪಟ್ಟಿಯಿಂದ ಪ್ರಶ್ನೆಗಳನ್ನು ಮಾತ್ರ ಹೆಕ್ಕಲು ಕ್ವೆರಿ ಫಿಲ್ಟರಿನಲ್ಲಿ `Custom (regex)` ಆರಿಸಿ ಇದನ್ನು ಹಾಕಿ:

```
(ಹೇಗೆ|ಯಾಕೆ|ಏಕೆ|ಎಷ್ಟು|ಯಾವ|ಎಲ್ಲಿ|hege|yake|eshtu|yava|elli)
```

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಕೊಡುವ ಸೂತ್ರ `^` ಚಿಹ್ನೆಯಿಂದ ಶುರುವಾಗುತ್ತದೆ, ಅಂದರೆ ಪ್ರಶ್ನಪದ ಸಾಲಿನ ಮೊದಲಿಗೇ ಇರಬೇಕು ಎಂದು. ಅದನ್ನೇ ನಕಲು ಮಾಡಿದರೆ ಕನ್ನಡ ಪ್ರಶ್ನೆಗಳೆಲ್ಲ ಸೋರಿಹೋಗುತ್ತವೆ. ಮೇಲಿನ ಸೂತ್ರದಲ್ಲಿ ಅದನ್ನು ಬಿಟ್ಟಿರುವುದು ಇದೇ ಕಾರಣಕ್ಕೆ.

ಈ ಪಟ್ಟಿಯಲ್ಲಿರುವ ಕ್ಲಿಕ್‌ಗಳನ್ನು ಕೂಡಿಸಿದರೆ ಮೇಲಿನ ಒಟ್ಟು ಮೊತ್ತಕ್ಕೆ ಹೊಂದುವುದಿಲ್ಲ. ಎರಡು ಮೂರು ತಿಂಗಳಲ್ಲಿ ಕೆಲವು ಡಜನ್‌ಗಿಂತ ಹೆಚ್ಚು ಜನ ಕೇಳದ ಸಾಲುಗಳನ್ನು ಬಳಕೆದಾರರ ಗೋಪ್ಯತೆಗಾಗಿ ಗೂಗಲ್ ಮುಚ್ಚಿಡುತ್ತದೆ. ಲಾಂಗ್‌ಟೇಲ್ ಮೇಲೆ ನಿಂತ ಬ್ಲಾಗಿನಲ್ಲಿ ಹೀಗೆ ಮುಚ್ಚಿಹೋಗುವ ಪಾಲು ದೊಡ್ಡದು. ಹಾಗಾಗಿ ಒಂದು ಲೇಖನಕ್ಕೆ ಕ್ಲಿಕ್ ಬರುತ್ತಿದ್ದು ಅದಕ್ಕೆ ಸಂಬಂಧಿಸಿದ ಸಾಲು ಕಾಣಿಸದಿದ್ದರೆ ಏನೋ ಕೆಟ್ಟಿದೆ ಎಂದುಕೊಳ್ಳಬೇಡಿ. `Pages` ಪಟ್ಟಿಗೆ ಹೋಗಿ ಆ ಪುಟದ ಒಟ್ಟು ಲೆಕ್ಕ ನೋಡಿ.

ಈಗ ಹುಡುಕಬೇಕಾದ್ದು, ಇಂಪ್ರೆಷನ್ ಇದ್ದು, ಅಂದರೆ ಫಲಿತಾಂಶದಲ್ಲಿ ನಿಮ್ಮ ಪುಟ ಕಂಡಿದ್ದು, ಸರಾಸರಿ ಸ್ಥಾನ 8ರಿಂದ 30ರೊಳಗೆ ಇರುವ ಸಾಲುಗಳನ್ನು. ತುರಿಕೆಯ ಲೇಖನಕ್ಕೆ ‘ಮರಕೆಸುವಿನ ಪತ್ರೊಡೆ ತುರಿಸುತ್ತದೆಯೇ’ ಎಂಬ ಸಾಲು 18ನೇ ಸ್ಥಾನದಲ್ಲಿ ಬಂದಿದೆ ಎನ್ನೋಣ. ಲೇಖನ ತೆರೆದು ನೋಡಿ. ಮರಕೆಸುವಿನ ಮಾತು ಅಲ್ಲಿ ಇಲ್ಲದಿದ್ದರೆ ಅದೇ ಪುಟದಲ್ಲಿ ಒಂದು ಉಪಶೀರ್ಷಿಕೆ ಹಾಕಿ ಎರಡು ಪ್ಯಾರಾ ಬರೆಯಿರಿ, ಹೊಸ ಪುಟ ಬೇಡ. ಆದರೆ ಸಾಲು ‘ಪತ್ರೊಡೆ ಫ್ರಿಜ್‌ನಲ್ಲಿ ಎಷ್ಟು ದಿನ ಇಡಬಹುದು’ ಎಂದಿದ್ದರೆ ಅದು ಬೇರೆಯೇ ಪ್ರಶ್ನೆ. ಮೊದಲ ಪುಟ ಓದುವ ಪರೀಕ್ಷೆಯನ್ನು ಅದಕ್ಕೂ ಮಾಡಿ, ಗೆದ್ದರೆ ಹೊಸ ಲೇಖನ ಬರೆದು ಹಳೆಯದರಿಂದ ಅದಕ್ಕೆ ಕೊಂಡಿ ಕೊಡಿ.

`Countries` ಪಟ್ಟಿಯನ್ನೂ ತೆರೆಯಿರಿ. ಭಾರತದ ಕೆಳಗೆ ಯುಎಇ, ಕುವೈತ್, ಕತಾರ್ ಕಾಣಿಸಿದರೆ ಆ ದೇಶವನ್ನು ಒತ್ತಿ, ಮತ್ತೆ `Queries`ಗೆ ಬನ್ನಿ. ಅಲ್ಲಿಂದ ಬರುವ ಸಾಲುಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿದ್ದರೆ, ಅವುಗಳಲ್ಲಿ ಕಾಣುವ ಕಾಗುಣಿತವನ್ನೇ ಹೊಸ ಬೀಜಪದವಾಗಿ ಶೀಟಿಗೆ ಸೇರಿಸಿ ಸಲಹೆಪೆಟ್ಟಿಗೆಯ ಸುತ್ತನ್ನು ಮತ್ತೊಮ್ಮೆ ಮಾಡಿ. ಆಗ ದೇಶವನ್ನೂ ಬದಲಾಯಿಸಿಕೊಳ್ಳಿ, ಯುಎಇಗಾದರೆ `gl=ae` ಎಂದು.